ಅಪ್‌ಡೇಟ್: ಸ್ವೆಟರ್ ಸ್ಟಾಕ್‌ಗೆ ಹಂತ ಹಂತದ ರಿಯಾಯಿತಿ

ಕೇಳಿದ್ದು: ಸೀಸನ್ ಮುಗೀತಾ ಇದೆ, ಉಳಿದ ಸ್ವೆಟರ್‌ಗಳನ್ನು ಲಾಭ ಪೂರ್ತಿ ಬಿಡದೆ ಖಾಲಿ ಮಾಡೋದು ಹೇಗೆ?

ಅಪ್‌ಡೇಟ್: ಎಲ್ಲವನ್ನೂ ಒಮ್ಮೆಲೇ ಅರ್ಧ ಬೆಲೆಗೆ ಇಳಿಸದೆ ಮೂರು ಹಂತ ಮಾಡಿದೆ. ಮಾರಾಟ ಬೆಲೆ 100 ಅಂದುಕೊಂಡರೆ ಅಸಲು 50. ಇದ್ದ 100 ಸ್ವೆಟರ್‌ಗಳಲ್ಲಿ ಶೇ 20 ರಿಯಾಯಿತಿಗೆ 30, ಶೇ 40ಕ್ಕೆ 50, ಕೊನೆಗೆ ಶೇ 60ಕ್ಕೆ 20 ಹೋದವು. ಬಂದದ್ದು 6,200, ಅಸಲು 5,000. ಕೊನೆಯ 20 ನಷ್ಟಕ್ಕೇ ಹೋದವು, ಆದರೆ ಮೊದಲ 30 ಅದನ್ನು ಧಾರಾಳವಾಗಿ ತುಂಬಿಕೊಟ್ಟವು.

ಯಾವಾಗ ಇಳಿಸಬೇಕು ಅನ್ನೋದಕ್ಕೆ ಕ್ಯಾಲೆಂಡರ್ ನೋಡಲಿಲ್ಲ. ಉಳಿದ ಸ್ಟಾಕನ್ನು ಉಳಿದ ವಾರಗಳಿಂದ ಭಾಗಿಸಿ, ವಾರದ ಮಾರಾಟ ಅದಕ್ಕಿಂತ ಕಡಿಮೆಯಾದಾಗ ಮಾತ್ರ ಇಳಿಸಿದೆ. ಒಂದು ಬಣ್ಣ ನಿಂತುಹೋಗಲು ಕಾರಣ ಬೆಲೆಯಲ್ಲ, ಮಧ್ಯದ ಸೈಜ್‌ಗಳು ಮುಗಿದಿದ್ದವು. ಆ ಬಣ್ಣವನ್ನಷ್ಟೇ ಬೇಗ ಇಳಿಸಿ ಬೇರೆ ಸ್ಟ್ಯಾಂಡ್‌ಗೆ ಹಾಕಿದೆ, ಉಳಿದವುಗಳ ಬೆಲೆ ಮುಟ್ಟಲಿಲ್ಲ.