ಡಿಪಿಡಿ ಮಾತ್ರೆ ಹಾಕಿದರೂ ಬಣ್ಣ ಬರುತ್ತಿಲ್ಲ, ಕೊಳದಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ?

ಕಿರಣ್_ಕೊಳ:
ಚಾವಣಿ ಇರುವ ಒಳಾಂಗಣ ಕೊಳ, 40,000 ಲೀಟರ್ ನೀರು. 10 ಮಿಲಿ ನೀರಿಗೆ ಡಿಪಿಡಿ 1ನೇ ನಂಬರ್ ಮಾತ್ರೆ ಹಾಕಿದರೆ ನೀರು ಬಣ್ಣವಿಲ್ಲದೆ ಹಾಗೇ ಉಳಿಯುತ್ತದೆ, ಮೀಟರ್‌ನಲ್ಲಿ 0.1 ಬರುತ್ತದೆ. ಮೊದಲು 3 ಪಿಪಿಎಂ ಇತ್ತು. ನಾಲ್ಕು ದಿನದಿಂದ ದಿನಾ ರಾತ್ರಿ 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್ 200 ಗ್ರಾಂ ಹಾಕುತ್ತಿದ್ದೇನೆ, ಆದರೂ ಏರುತ್ತಿಲ್ಲ. ಪಿಹೆಚ್ ನೋಡಲು ಹೋದರೆ ಕೆಂಪು ಬರಬೇಕಾದಲ್ಲಿ ನೇರಳೆ ಬರುತ್ತಿದೆ. ಇವತ್ತು ಡೋಸ್ ಎರಡು ಪಟ್ಟು ಮಾಡಲೇ?

ಶ್ರೀಧರ:
ಮಾತ್ರೆ ಹಳೆಯದಾಗಿದೆ, ಅಷ್ಟೆ. ತೇವ ತಾಗಿದರೆ ಡಿಪಿಡಿ ಕೆಡುತ್ತದೆ. ಹೊಸ ಪಟ್ಟಿ ತರಿಸಿ, ಅಲ್ಲಿಯವರೆಗೆ ಡೋಸ್ ನಿಲ್ಲಿಸಬೇಡಿ.

ತಿಳಿನೀರು:
ಕಿರಣ್ ಅವರೇ, ದಯವಿಟ್ಟು ಇವತ್ತು ಏನೂ ಹಾಕಬೇಡಿ, ಕೊಳಕ್ಕೆ ಯಾರನ್ನೂ ಇಳಿಸಬೇಡಿ.

ಮಾತ್ರೆ ಕೆಡುತ್ತದೆ ಅನ್ನುವುದು ನಿಜ, ಶ್ರೀಧರ್. ಆದರೆ ಲೆಕ್ಕ ನೋಡಿ: 200 ಗ್ರಾಂನಲ್ಲಿ 130 ಗ್ರಾಂ ಕ್ಲೋರಿನ್. 40,000 ಲೀಟರ್‌ಗೆ ಅದು ಸುಮಾರು 3.25 ಪಿಪಿಎಂ. ನಾಲ್ಕು ಸಲಕ್ಕೆ 13, ಮೊದಲಿದ್ದ 3 ಸೇರಿದರೆ 16. ಬಿಸಿಲು ಬೀಳದ ಕೊಳದಲ್ಲಿ ಅಷ್ಟೂ ಮಾಯವಾಗುವುದು ಕಷ್ಟ.

ಕ್ಲೋರಿನ್ ಸುಮಾರು 10 ಪಿಪಿಎಂ ದಾಟಿದರೆ, ತಾನೇ ತಂದ ಗುಲಾಬಿ ಬಣ್ಣವನ್ನು ತಾನೇ ಅಳಿಸಿಹಾಕುತ್ತದೆ. ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದು ಮಾತ್ರೆ ಹಾಕಿ, ತಳದಲ್ಲೇ ಕಣ್ಣಿಡಿ. ಮಾತ್ರೆಯ ಸುತ್ತ ಒಂದು ಕ್ಷಣ ಗುಲಾಬಿ ಎಳೆ ಎದ್ದು ಕರಗಿಹೋದರೆ ಅದೇ ಗುರುತು. ಪಿಹೆಚ್ ನೇರಳೆಯಾಗಲೂ ಇದೇ ಕಾರಣ: ಹೆಚ್ಚಿನ ಕ್ಲೋರಿನ್ ಫೀನಾಲ್ ರೆಡ್ ಅನ್ನೇ ಬೇರೆ ಬಣ್ಣಕಾರಕವಾಗಿ ಬದಲಿಸುತ್ತದೆ. ಆ ಅಂಕಿ ನೋಡಿ ಆಸಿಡ್ ಸುರಿಯಬೇಡಿ.

ಈಗ ಸಿರಿಂಜಿನಲ್ಲಿ 1 ಮಿಲಿ ಕೊಳದ ನೀರು, 9 ಮಿಲಿ ಡಿಸ್ಟಿಲ್ಡ್ ವಾಟರ್ ಸೇರಿಸಿ. ಅದೇ ನೀರಿನಿಂದ ಮೀಟರ್ ಸೊನ್ನೆ ಮಾಡಿ, ಮಾತ್ರೆ ಹಾಕಿ ಓದಿ, ಬಂದದ್ದನ್ನು 10ರಿಂದ ಗುಣಿಸಿ. ನಲ್ಲಿ ನೀರು ಬೆರೆಸಬೇಡಿ, ಅದರ ಕ್ಲೋರಿನ್ ಕೂಡ ಲೆಕ್ಕಕ್ಕೆ ಬರುತ್ತದೆ. ಮಾತ್ರೆ ಬಗ್ಗೆ ಅನುಮಾನವಿದ್ದರೆ, ಕ್ಲೋರಿನ್ ಇರುವ ನಲ್ಲಿ ನೀರನ್ನೇ ಬೇರೆಯಾಗಿ ಪರೀಕ್ಷಿಸಿ. ಅಲ್ಲಿ ಗುಲಾಬಿ ಬಂದರೆ ಮಾತ್ರೆ ಸರಿಯಿದೆ.

ಗೀತಾ_ಮೀನುತೊಟ್ಟಿ:
ನನಗೂ ಇದೇ ಗೊಂದಲ. ನಲ್ಲಿ ನೀರಿಗೆ ಎರಡು ಹನಿ ಬಿಟ್ಟರೆ ಹಳದಿ ಬರುತ್ತದೆ, ನನ್ನಲ್ಲೂ ಕ್ಲೋರಿನ್ ಜಾಸ್ತಿಯೇ?

ತಿಳಿನೀರು:
ಗೀತಾ ಅವರೇ, ನಿಮ್ಮದು ಬೇರೆ ವಿಷಯ. ಹಳದಿ ಬರುವುದು ಆರ್ಥೋಟೊಲಿಡಿನ್ ಕಿಟ್. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಇನ್ನೂ ಕೆಲಸಕ್ಕೆ ಸಿಗುವ ಮುಕ್ತ ಕ್ಲೋರಿನ್ ಎಷ್ಟು, ಅಮೋನಿಯಾದಂಥವುಗಳೊಡನೆ ಬೆರೆತದ್ದು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಮೀನಿಗೆ ಎರಡೂ ವಿಷ, ಹಾಗಾಗಿ ಹಳದಿ ಎಷ್ಟೇ ತೆಳುವಾಗಿದ್ದರೂ ಆ ನೀರನ್ನು ಹಾಗೇ ತೊಟ್ಟಿಗೆ ಬಿಡಬೇಡಿ.

ಕಿರಣ್_ಕೊಳ:
ಗುಲಾಬಿ ಎಳೆ ಕಂಡಿತು, ಎರಡು ಸೆಕೆಂಡಲ್ಲಿ ಹೋಯಿತು! ನಲ್ಲಿ ನೀರಿಗೆ ಬಣ್ಣ ಚೆನ್ನಾಗಿ ಬಂತು. ತೆಳು ಮಾಡಿದ್ದರಲ್ಲಿ 1.4, ಅಂದರೆ 14 ಪಿಪಿಎಂ. ಅದಕ್ಕೇ ಒಟ್ಟು ಕ್ಲೋರಿನ್ ತೋರಿಸುವ 3ನೇ ನಂಬರ್ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟಾಗ 1.5. ಹಾಗಾದರೆ ಬೆರೆತ ಕ್ಲೋರಿನ್ 1 ಪಿಪಿಎಂ ಇದೆಯೇ?

ತಿಳಿನೀರು:
ಹಾಗೆ ಹೇಳಲಾಗದು. 0.1ರ ವ್ಯತ್ಯಾಸ ಬಾಟಲಿ ಮೇಲಿನ ಬೆರಳಚ್ಚಿನಿಂದಲೂ ಬರುತ್ತದೆ, ಒಂದು ಗಾಳಿಗುಳ್ಳೆಯಿಂದಲೂ ಬರುತ್ತದೆ. ಹತ್ತರಿಂದ ಗುಣಿಸಿದಾಗ ಅದೇ 1 ಪಿಪಿಎಂ ಆಗಿಬಿಡುತ್ತದೆ. ಮುಕ್ತ ಕ್ಲೋರಿನ್ 5ಕ್ಕಿಂತ ಕೆಳಗೆ ಬರಲಿ, ಆಮೇಲೆ ನೀರು ಬೆರೆಸದೆ ಎರಡನ್ನೂ ಅಳೆಯಿರಿ. ಬಾಟಲಿ ಒರೆಸಿ, ಗುರುತು ಪ್ರತಿ ಸಲವೂ ಒಂದೇ ಕಡೆ ಇರಲಿ. 1ನೇ ಮಾತ್ರೆ ಕರಗಿದ ಮೇಲೆ ಒಂದು ನಿಮಿಷದೊಳಗೆ ಓದಿ, ತಡವಾದರೆ ಬೆರೆತ ಕ್ಲೋರಿನ್ ಕೂಡ ನಿಧಾನವಾಗಿ ಬಣ್ಣ ಕೊಡಲು ಶುರುಮಾಡುತ್ತದೆ. 3ನೇ ಮಾತ್ರೆ ಹಾಕಿದ ಬಾಟಲಿಯನ್ನು, ಮುಚ್ಚಳವನ್ನೂ ಸೇರಿಸಿ, ಚೆನ್ನಾಗಿ ತೊಳೆಯಿರಿ. ಅದರಲ್ಲಿನ ಅಯೊಡೈಡ್ ಚೂರು ಉಳಿದರೂ ಮುಂದಿನ ಮುಕ್ತ ಕ್ಲೋರಿನ್ ಓದು ಸುಳ್ಳಾಗಿ ಏರುತ್ತದೆ.

ಕಿರಣ್_ಕೊಳ:
ಇವತ್ತು ಇಳಿದಿದೆ. ಮುಕ್ತ 3.8, ಒಟ್ಟು 4.4. ಮೂರು ಸಲ ನೋಡಿದೆ, ಹೆಚ್ಚು ಕಡಿಮೆ ಅಷ್ಟೇ. 0.6 ಬೆರೆತದ್ದು ಎಂದಾಯಿತಲ್ಲ?

ಶ್ರೀಧರ:
ಅದನ್ನು ಸುಡಲು ಒಂದು ಶಾಕ್ ಡೋಸ್ ಬೇಕೇ ಬೇಕು.

ತಿಳಿನೀರು:
ತಡೆಯಿರಿ. ಇತ್ತೀಚೆಗೆ ಕ್ಲೋರಿನ್ ಇಲ್ಲದ ಶಾಕ್, ಅಂದರೆ ಮೊನೊಪರ್ಸಲ್ಫೇಟ್, ಹಾಕಿದ್ದೀರಾ? 3ನೇ ಮಾತ್ರೆ ಬಿದ್ದಾಗ ಅದು ಕೂಡ ಬೆರೆತ ಕ್ಲೋರಿನ್‌ನಂತೆಯೇ ಕಾಣುತ್ತದೆ.

ಕಿರಣ್_ಕೊಳ:
ಕ್ಲೋರಿನ್ ಏರುತ್ತಿಲ್ಲ ಅಂತ ಎರಡನೇ ದಿನ ಸ್ವಲ್ಪ ಹಾಕಿದ್ದೆ. ಅಳತೆ ಬರೆದಿಟ್ಟಿಲ್ಲ.

ತಿಳಿನೀರು:
ಹಾಗಿದ್ದರೆ ಈ 0.6ರಲ್ಲಿ ಯಾವುದು ಎಷ್ಟು ಅಂತ ಈ ಕಿಟ್‌ನಿಂದ ಬಿಡಿಸಲಾಗದು. ನಾಲ್ಕೈದು ದಿನ ಆ ಮೊನೊಪರ್ಸಲ್ಫೇಟ್ ಮುಟ್ಟದೆ, ದಿನಾ ಒಂದೇ ಹೊತ್ತಿಗೆ ಎರಡೂ ಓದು ಬರೆದು ಇಲ್ಲಿ ಹಾಕಿ.