ಹೊಸ ಜೀವ ವಿಮಾ ಪಾಲಿಸಿ ರದ್ದು: ಪತ್ರದಲ್ಲಿ ಏನು ಬರೆಯಬೇಕು, ಎಷ್ಟು ಹಣ ವಾಪಸ್ ಬರುತ್ತದೆ?

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದಾಗ ಅವರಿಂದ ಒಂದು ಲಕ್ಷ ರೂಪಾಯಿ ಜೀವ ವಿಮೆಗೆ ಕಟ್ಟಿಸಿದ್ದಾರೆ. ಹತ್ತು ವರ್ಷ ಪ್ರತಿ ವರ್ಷವೂ ಅಷ್ಟೇ ಕಟ್ಟಬೇಕೆಂಬುದು ಬಾಂಡ್ ಮನೆಗೆ ಬಂದ ಮೇಲೆ ಗೊತ್ತಾಯಿತು. ವಿಮಾ ಮೊತ್ತ 10 ಲಕ್ಷ, ವೈದ್ಯಕೀಯ ಪರೀಕ್ಷೆ ನಡೆದಿಲ್ಲ. ಬಾಂಡ್ ಬಂದು ಹದಿನೆಂಟು ದಿನವಾಗಿದೆ. ರದ್ದು ಮಾಡಲು ಪತ್ರ ಹೇಗೆ ಬರೆಯಬೇಕು, ಯಾವ ಕಾರಣ ಕೊಡಬೇಕು, ಎಷ್ಟು ವಾಪಸ್ ಬರಬಹುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯ ವ್ಯಾಪಾರಸ್ಥರು: ಬಾಂಡ್ ಕೈಗೆ ಬಂದ ಹದಿನೈದು ದಿನದೊಳಗೆ ಕೊಡಬೇಕಿತ್ತು, ನಿಮ್ಮದು ಮೀರಿದೆ. ಇನ್ನು ಪಾಲಿಸಿಯನ್ನು ಅವಧಿಗೆ ಮೊದಲೇ ಬಿಟ್ಟುಕೊಡುವ ಸರೆಂಡರ್ ಒಂದೇ ದಾರಿ. ಅದರಲ್ಲಿ ಕಟ್ಟಿದ್ದರ ಬಹುಪಾಲು ಹೋಗುತ್ತದೆ. ಕಾರಣವನ್ನೂ ಪಾಲಿಸಿಯ ಯಾವುದಾದರೂ ಷರತ್ತಿಗೆ ಒಪ್ಪಿಗೆ ಇಲ್ಲವೆಂದೇ ಬರೆಯಬೇಕು, ಬೇರೆ ಏನು ಬರೆದರೂ ತಿರಸ್ಕರಿಸುತ್ತಾರೆ.

ಹಾಸನದ ನಿವೃತ್ತ ವಿಮಾ ನೌಕರರು: ಹುಬ್ಬಳ್ಳಿಯವರು ಹೇಳಿದ ಹದಿನೈದು ದಿನದ ಲೆಕ್ಕ ಹಿಂದೆ ಇದ್ದದ್ದು ನಿಜ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊಸ ನಿಯಮಾವಳಿ ತಂದ ಮೇಲೆ ಫ್ರೀ ಲುಕ್ ಅವಧಿ, ಅಂದರೆ ಪಾಲಿಸಿ ಓದಿ ಬೇಡವೆನಿಸಿದರೆ ಹಿಂದಿರುಗಿಸಲು ಇರುವ ಕಾಲ, ಪಾಲಿಸಿ ದಾಖಲೆ ಕೈಸೇರಿದ ದಿನದಿಂದ 30 ದಿನ. ಆದ್ದರಿಂದ ಸರೆಂಡರ್ ಅರ್ಜಿಗೆ ಈಗ ಖಂಡಿತ ಸಹಿ ಹಾಕಬೇಡಿ. ಕೌಂಟರ್‌ನಲ್ಲಿ ಅದೇ ಫಾರಂ ಮುಂದಿಟ್ಟರೆ ಹಿಂತಿರುಗಿಸಿ, "ಫ್ರೀ ಲುಕ್ ರದ್ದತಿ" ಎಂದು ಸ್ಪಷ್ಟವಾಗಿ ಹೇಳಿ.

ಪತ್ರವನ್ನು ನೀವು ಬರೆದುಕೊಡಬಹುದು, ಆದರೆ ಪಾಲಿಸಿ ತಾಯಿಯವರ ಹೆಸರಿನಲ್ಲಿರುವುದರಿಂದ ಸಹಿ ಅವರದೇ ಆಗಿರಬೇಕು, ಅದೂ ಪ್ರಸ್ತಾವನೆ ಅರ್ಜಿಯಲ್ಲಿರುವ ಸಹಿಗೆ ಹೊಂದಬೇಕು. ನಾನು ಕೆಲಸದಲ್ಲಿದ್ದಾಗ ಹಿಂದಕ್ಕೆ ಹೋದ ಅರ್ಜಿಗಳಲ್ಲಿ ಮಗ ಅಥವಾ ಅಳಿಯ ಸಹಿ ಹಾಕಿದವು ಬಹಳ. ಒಕ್ಕಣೆ ಹೀಗಿದ್ದರೆ ಸಾಕು:

"ಪಾಲಿಸಿ ಸಂಖ್ಯೆ ಇಂಥದ್ದರ ದಾಖಲೆ ನನಗೆ ಇಂಥ ದಿನಾಂಕದಂದು ತಲುಪಿದೆ. ಫ್ರೀ ಲುಕ್ ಅವಧಿಯೊಳಗೆ ಈ ಪಾಲಿಸಿಯನ್ನು ರದ್ದುಪಡಿಸಿ, ಕಟ್ಟಿರುವ ಪ್ರೀಮಿಯಂ ಅನ್ನು ನನ್ನ ಖಾತೆಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಕಾರಣ: ಒಂದೇ ಸಲ ಕಟ್ಟುವ ಠೇವಣಿ ಎಂದು ನನಗೆ ತಿಳಿಸಲಾಗಿತ್ತು. ದಾಖಲೆಯಲ್ಲಿ ಹತ್ತು ವರ್ಷಗಳ ಕಾಲ ಪ್ರತಿ ವರ್ಷ 1,00,000 ರೂಪಾಯಿ ಕಟ್ಟಬೇಕೆಂದಿದೆ. ಈ ಷರತ್ತಿಗೆ ನನ್ನ ಒಪ್ಪಿಗೆ ಇಲ್ಲ, ಕಟ್ಟುವಷ್ಟು ಆದಾಯವೂ ನನಗಿಲ್ಲ. ಈ ಪಾಲಿಸಿಯಲ್ಲಿ ಯಾವ ಕ್ಲೇಮನ್ನೂ ಮಾಡಿಲ್ಲ."

ಇದರೊಂದಿಗೆ ಮೂಲ ಬಾಂಡ್, ಪ್ರೀಮಿಯಂ ರಸೀದಿಯ ಪ್ರತಿ, ಗುರುತಿನ ದಾಖಲೆ ಮತ್ತು ತಾಯಿಯವರ ಹೆಸರು ಮುದ್ರಿತವಾಗಿರುವ ಕ್ಯಾನ್ಸಲ್ಡ್ ಚೆಕ್ ಇಡಿ. ಬಾಂಡ್ ಕೊಡುವ ಮೊದಲು ಎಲ್ಲ ಪುಟಗಳ ಜೆರಾಕ್ಸ್ ಮಾಡಿಸಿಕೊಳ್ಳಿ. ಪತ್ರದ ಎರಡನೆಯ ಪ್ರತಿಯ ಮೇಲೆ ವಿಮಾ ಕಂಪನಿಯ ಶಾಖೆಯ ಮುದ್ರೆ ಮತ್ತು ದಿನಾಂಕ ಬಿದ್ದ ಮೇಲೆಯೇ ಅಲ್ಲಿಂದ ಏಳಬೇಕು. ಪಾಲಿಸಿ ಮಾರಿದ ಬ್ಯಾಂಕಿನವರ ಕೈಗೆ ಮಾತ್ರ ಕೊಟ್ಟು ಬಂದರೆ, ಅದು ಕಂಪನಿಗೆ ಯಾವಾಗ ತಲುಪಿತು ಎಂಬುದಕ್ಕೆ ನಿಮ್ಮಲ್ಲಿ ಪುರಾವೆ ಇರುವುದಿಲ್ಲ.

ಕಾರಣದ ವಿಷಯದಲ್ಲಿ ಹುಬ್ಬಳ್ಳಿಯವರು ಅರ್ಧ ಸರಿ. ಕಾರಣವನ್ನು ನಮೂದಿಸಬೇಕು ಎಂಬುದು ನಿಯಮದಲ್ಲಿದೆ, ಆದರೆ ಷರತ್ತಿನ ಬಗ್ಗೆ ಆಕ್ಷೇಪ ಇದ್ದರೂ ಸರಿ, ಬೇರೆ ಕಾರಣ ಇದ್ದರೂ ಸರಿ. ಹಾಗಿದ್ದೂ ಮೇಲಿನಂತೆ ನಡೆದದ್ದನ್ನು ನಡೆದಂತೆ ಬರೆಯಿರೆಂದು ಹೇಳುವುದಕ್ಕೆ ಒಂದು ಉದ್ದೇಶವಿದೆ: ಮುಂದೆ ದಿನಾಂಕದ ಬಗ್ಗೆ ತಕರಾರು ಎದ್ದು ದೂರು ಕೊಡಬೇಕಾಗಿ ಬಂದರೆ, ತಪ್ಪು ಮಾಹಿತಿ ಕೊಟ್ಟು ಮಾರಿದರೆಂಬ ಮಾತು ಮೊದಲ ಪತ್ರದಲ್ಲಿಯೇ ಇರುವುದು ಬಹಳ ಉಪಯೋಗಕ್ಕೆ ಬರುತ್ತದೆ. ಬೈಗುಳ ಬೇಡ, ಬ್ಯಾಂಕಿನ ಸಿಬ್ಬಂದಿಯ ಚಾರಿತ್ರ್ಯ ವರ್ಣನೆಯೂ ಬೇಡ.

ಮೈಸೂರಿನ ಉಪನ್ಯಾಸಕಿ: ನನ್ನದು ಯುಲಿಪ್ ಆಗಿತ್ತು. ಅವಧಿಯೊಳಗೇ ರದ್ದು ಮಾಡಿದರೂ ಕಟ್ಟಿದ್ದಕ್ಕಿಂತ ಸಾಕಷ್ಟು ಕಡಿಮೆ ಬಂತು. ಪೂರ್ತಿ ಹಣ ಬರುತ್ತದೆಂದು ನಂಬಿ ಕೂರಬೇಡಿ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ಹಾಸನದ ನಿವೃತ್ತ ವಿಮಾ ನೌಕರರು: ಮೇಡಂ, ಯುಲಿಪ್‌ನಲ್ಲಿ ಹಣ ಯೂನಿಟ್‌ಗಳಾಗಿ ಮಾರುಕಟ್ಟೆಗೆ ಹೋಗಿರುತ್ತದೆ, ರದ್ದಾದ ದಿನದ ಬೆಲೆಗೆ ಯೂನಿಟ್‌ಗಳನ್ನು ಹಿಂದಕ್ಕೆ ಕೊಳ್ಳುತ್ತಾರೆ. ಈ ನಡುವೆ ಮಾರುಕಟ್ಟೆ ಇಳಿದಿದ್ದರೆ ಆ ನಷ್ಟ ಗ್ರಾಹಕರದು. ಇವರ ಪಾಲಿಸಿ ಆ ಬಗೆಯದಲ್ಲವಾದರೆ ಆ ಭಯ ಬೇಡ. ಬಾಂಡ್‌ನ ಮೊದಲ ಪುಟದಲ್ಲಿ "ಯೂನಿಟ್ ಲಿಂಕ್ಡ್" ಎಂಬ ಮಾತಿದೆಯೇ ನೋಡಿಕೊಳ್ಳಲಿ.

ಸಾಮಾನ್ಯ ಪಾಲಿಸಿಯಲ್ಲಿ ಕಡಿತವಾಗುವುದು ಮೂರೇ ಬಾಬ್ತು: ರಕ್ಷಣೆ ಇದ್ದ ದಿನಗಳಿಗೆ ತಗಲುವ ರಿಸ್ಕ್ ಪ್ರೀಮಿಯಂ, ವೈದ್ಯಕೀಯ ಪರೀಕ್ಷೆಯ ವೆಚ್ಚ, ಸ್ಟಾಂಪ್ ಶುಲ್ಕ. ಇವರ ತಾಯಿಗೆ ಪರೀಕ್ಷೆ ನಡೆದಿಲ್ಲ. ಸ್ಟಾಂಪ್ ಶುಲ್ಕ ವಿಮಾ ಮೊತ್ತದ ಸಾವಿರಕ್ಕೆ 20 ಪೈಸೆಯಂತೆ 10 ಲಕ್ಷಕ್ಕೆ 200 ರೂಪಾಯಿ. ರಿಸ್ಕ್ ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ಈ ವಯಸ್ಸಿಗೆ ವರ್ಷಕ್ಕೆ 9,000 ರೂಪಾಯಿ ಎಂದಿಟ್ಟುಕೊಂಡು, ರಕ್ಷಣೆ ಆರಂಭವಾಗಿ 35 ದಿನವಾಗಿದೆ ಎಂದುಕೊಂಡರೆ, 9,000ವನ್ನು 365ರಿಂದ ಭಾಗಿಸಿ 35ರಿಂದ ಗುಣಿಸಿದಾಗ 863 ರೂಪಾಯಿ ಆಗುತ್ತದೆ. ಎರಡೂ ಸೇರಿ 1,063 ಹೋಗಿ 98,937 ರೂಪಾಯಿ ಬರಬೇಕು. ಕಡಿತ ಐದಾರು ಸಾವಿರ ದಾಟಿದ್ದರೆ ಬಾಬ್ತುವಾರು ವಿವರ ಲಿಖಿತವಾಗಿ ಕೇಳಿ. ಏಜೆಂಟರ ಕಮಿಷನ್ ಎಂದು ಹಿಡಿಯಲು ಅವಕಾಶವಿಲ್ಲ. ಕೋರಿಕೆ ತಲುಪಿದ ಏಳು ದಿನದೊಳಗೆ ಹಣ ಹಿಂದಿರುಗಿಸಬೇಕೆಂಬುದೂ ನಿಯಮ.

ಬೆಂಗಳೂರಿನ ಲೆಕ್ಕಪರಿಶೋಧಕರು: ಒಂದು ಮಾತು ಸೇರಿಸುತ್ತೇನೆ. ಮುಂದಿನ ಕಂತು ಖಾತೆಯಿಂದ ತಾನಾಗಿ ಕಡಿತವಾಗಲು ತಾಯಿಯವರಿಂದ ಒಪ್ಪಿಗೆ ಪತ್ರಕ್ಕೂ ಸಹಿ ಪಡೆದಿರುವ ಸಾಧ್ಯತೆ ಹೆಚ್ಚು. ಪಾಲಿಸಿ ರದ್ದಾದ ಮಾತ್ರಕ್ಕೆ ಅದೂ ರದ್ದಾಯಿತೆಂದು ಭಾವಿಸದೆ, ಬ್ಯಾಂಕಿಗೆ ಪ್ರತ್ಯೇಕ ಪತ್ರ ಕೊಡಿ. ಪತ್ರ ಕೊಟ್ಟ ಮರುದಿನದಿಂದ "ಇನ್ನೂ ಒಳ್ಳೆಯ ಪಾಲಿಸಿಗೆ ಬದಲಾಯಿಸಿಕೊಡುತ್ತೇವೆ" ಎಂಬ ಕರೆಗಳೂ ಬರುತ್ತವೆ. ಆ ಕರೆಗಳಲ್ಲಿ ಒಟಿಪಿ ಹೇಳಿದರೆ ರದ್ದತಿ ಕೋರಿಕೆ ಹಿಂಪಡೆದಂತೆ ದಾಖಲಾಗಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಯುಲಿಪ್ ಅಲ್ಲ, ನೋಡಿದೆ. ಆದರೆ ಈಗ ಇನ್ನೊಂದು ತೊಡಕು ಕಂಡಿತು. ಕಾಗದದ ಬಾಂಡ್ ಬರುವುದಕ್ಕೆ ಎಂಟು ದಿನ ಮೊದಲೇ ಅದೇ ದಾಖಲೆ ನನ್ನ ತಾಯಿಯವರ ಇಮೇಲ್‌ಗೆ ಬಂದಿದೆ. ಅವರು ಇಮೇಲ್ ತೆರೆಯುವುದೇ ಇಲ್ಲ. ದಿನ ಎಲ್ಲಿಂದ ಎಣಿಸಬೇಕು?

ಬೆಂಗಳೂರಿನ ಲೆಕ್ಕಪರಿಶೋಧಕರು: ವಿದ್ಯುನ್ಮಾನ ರೂಪದಲ್ಲಿ ಬಂದರೂ ತಲುಪಿದಂತೆಯೇ ಎಂದು ನಿಯಮದ ಮಾತಿದೆ. ಕಂಪನಿ ಇಮೇಲ್ ದಿನಾಂಕವನ್ನೇ ಹಿಡಿಯುತ್ತದೆ.

ಹಾಸನದ ನಿವೃತ್ತ ವಿಮಾ ನೌಕರರು: ನನಗೆ ಹಾಗನ್ನಿಸುವುದಿಲ್ಲ. ಕಾಗದದ ಪ್ರತಿಯನ್ನೂ ಕಳಿಸಿದ ಮೇಲೆ ಗ್ರಾಹಕರು ಅದರ ದಿನಾಂಕವನ್ನು ಹಿಡಿದು ವಾದಿಸಬಹುದು, ವಿಮಾ ಓಂಬುಡ್ಸ್‌ಮನ್ ಮುಂದೆಯೂ ಆ ವಾದ ಇಡಬಹುದು. ಆದರೆ ವಾದಕ್ಕೆ ಅವಕಾಶವಿದೆ ಎಂದು ವಾದಕ್ಕೆ ಇಳಿಯಬೇಕಿಲ್ಲ. ಇಮೇಲ್‌ನಿಂದ ಎಣಿಸಿದರೆ ಇಂದಿಗೆ 26 ದಿನ. ಇಂದೇ ತಾಯಿಯವರ ನೋಂದಾಯಿತ ಇಮೇಲ್‌ನಿಂದ ಸಹಿ ಮಾಡಿದ ಪತ್ರದ ಸ್ಕ್ಯಾನ್ ಪ್ರತಿಯನ್ನು ಕಂಪನಿಯ ಗ್ರಾಹಕ ಸೇವಾ ವಿಳಾಸಕ್ಕೆ ಕಳುಹಿಸಿ, ನಾಳೆ ಶಾಖೆ ತೆರೆಯುವ ಹೊತ್ತಿಗೆ ಮೂಲ ಬಾಂಡ್ ಹಿಡಿದು ಅಲ್ಲಿರಿ. ಸ್ವೀಕೃತಿ ಕೊಡಲು ನಿರಾಕರಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅದೇ ದಿನ 155255ಕ್ಕೆ ಕರೆ ಮಾಡಿ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ವ್ಯವಸ್ಥೆಯಾದ ಬಿಮಾ ಭರೋಸಾದಲ್ಲಿ ದೂರು ದಾಖಲಿಸಿ.