ಮುಂದೇನು ಅಂತ ಡಾಕ್ಟರನ್ನು ಹೇಗೆ ಕೇಳೋದು? ಅನುಭವ ಇದ್ದವರು ಹೇಳಿ

ಹಾವೇರಿ ಮಗಳು: ಅಪ್ಪನಿಗೆ 71. ಮೇದೋಜೀರಕದ ಕ್ಯಾನ್ಸರ್, ಲಿವರ್‌ಗೂ ಹಬ್ಬಿದೆ. ಡಾಕ್ಟರು "ಕೀಮೋ ಕೊಟ್ಟು ನೋಡೋಣ" ಅಂತಾರೆ, ಮುಂದಿನ ಮಾತು ಎತ್ತುವುದಿಲ್ಲ. ಅಪ್ಪನಿಗೆ ಕಾಯಿಲೆ ಹೆಸರೂ ಹೇಳಬೇಡಿ ಅಂತಾನೆ ಅಣ್ಣ. ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದಂತೆ. ನೀವೆಲ್ಲ ಹೇಗೆ ಮಾಡಿದಿರಿ?

ಸವಿತಾ, ಹಾಸನ: ನಮ್ಮ ಅಮ್ಮನದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ವರ್ಷಗಟ್ಟಲೆ ತೋರಿಸಿದೆವು. ಇದು ವಾಸಿಯಾಗುವುದಿಲ್ಲ ಅಂತ ಒಬ್ಬರೂ ಕೂರಿಸಿ ಹೇಳಲಿಲ್ಲ. ಹೇಳಿದ್ದು ಮಧ್ಯರಾತ್ರಿ, ಐಸಿಯು ಬಾಗಿಲ ಹತ್ತಿರ, ನಿಂತುಕೊಂಡೇ. "ಟ್ಯೂಬ್ ಹಾಕೋದಾ ಬೇಡ್ವಾ, ಬೇಗ ಹೇಳಿ" ಅಂದರು. ಆ ಹೊತ್ತಲ್ಲಿ ಬೇಡ ಅನ್ನೋಕೆ ಯಾವ ಮಗಳಿಗೆ ಬಾಯಿ ಬರುತ್ತೆ?

ಆಮೇಲಿನದು ಬಿಲ್ಲಿನ ಕತೆ. ಬೆಡ್ಡಿಗೆ ಬೇರೆ, ವೆಂಟಿಲೇಟರಿಗೆ ಬೇರೆ, ಗ್ಲೌಸಿಗೂ ಬೇರೆ ಸಾಲು. ಸಂಜೆಯಾದರೆ "ಇನ್ನೂ 40 ಸಾವಿರ ಕಟ್ಟಿ" ಅಂತ ಫೋನು. ಬಳೆ, ಸರ ಎರಡೂ ಸೊಸೈಟಿಯಲ್ಲಿ ಅಡ ಇಟ್ಟೆವು, ಇನ್ನೂ ಬಿಡಿಸಿಕೊಂಡಿಲ್ಲ. ಟ್ಯೂಬ್ ಕಿತ್ತುಕೊಳ್ಳಬಾರದು ಅಂತ ಅಮ್ಮನ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಮಣಿಕಟ್ಟು ಕೆಂಪಾಗಿ ಊದಿತ್ತು. ಕೊನೆಗೆ "ನಮ್ಮ ಇಷ್ಟದ ಮೇಲೆ ಕರೆದುಕೊಂಡು ಹೋಗ್ತಿದ್ದೀವಿ" ಅಂತ ಬರೆಸಿಕೊಂಡು ಕಳಿಸಿದರು. ಉಸಿರಾಟಕ್ಕೆ ಕಷ್ಟವಾದರೆ ಕೊಡೋಕೆ ಒಂದು ಔಷಧ ಕೂಡ ಬರೆದುಕೊಡಲಿಲ್ಲ. ನೀವು ಯಾವ ಕಾರಣಕ್ಕೂ ಐಸಿಯುಗೆ ಹಾಕಬೇಡಿ.

ಬಸವರಾಜ, ದಾವಣಗೆರೆ: ಬರೆದಿಡೋದು ಅಂದ್ರೆ ಸುಲಭ ಅಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ, ನಿಜ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಸಹಿ ಹಾಕಿಸಬೇಕು. ನಾನು ನಮ್ಮ ತಂದೆಗಾಗಿ ಕೋರ್ಟಿಗೆ ಅಲೆದೆ. ಗುಮಾಸ್ತರಿಗೆ ಅದು ಯಾವ ಅರ್ಜಿ ಅಂತಲೇ ಗೊತ್ತಿರಲಿಲ್ಲ. ಟೈಪಿಂಗು, ವಕೀಲರ ಫೀಸು, ಓಡಾಟ ಸೇರಿ 11 ಸಾವಿರ ಹೋಯಿತು, ಕಾಗದ ಆಗಲಿಲ್ಲ. ಸುಮ್ನೆ ದುಡ್ಡು ದಂಡ.

ಗುರುಶಾಂತಪ್ಪ: ಉಯಿಲು ಬರೆಸಲು ಕೋರ್ಟ್ ಯಾಕೆ ಬೇಕು? ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಅಣ್ಣ ಬೇಡ ಅಂತಿದ್ದರೆ ಅದಕ್ಕೇ ಇರಬಹುದು. ನಮ್ಮ ಚಿಕ್ಕಪ್ಪ ಬರೆಸದೆ ತೀರಿಕೊಂಡು ಎರಡು ಎಕರೆ ತೋಟ ಇವತ್ತಿಗೂ ಕೋರ್ಟಲ್ಲಿದೆ.

ಹಾವೇರಿ ಮಗಳು: ಆಸ್ತಿ ವಿಷಯ ಅಲ್ಲ ಯಜಮಾನ್ರೇ. ಚಿಕಿತ್ಸೆ ವಿಷಯ.

ರತ್ನಕ್ಕ, ನಿವೃತ್ತ ನರ್ಸ್, ಬೆಂಗಳೂರು: ಬಸವರಾಜ ಅವರೇ, ನೀವು ಹೇಳಿದ್ದು ಹಳೇ ನಿಯಮ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿದರೆ ಸಾಕು. ತನಗೆ ಮಾತಾಡಲು ಆಗದಿದ್ದಾಗ ಯಾರು ಮಾತಾಡಬೇಕು ಅಂತ ಹೆಸರು ಬರೆಯಬೇಕು. ನಮ್ಮ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ ಬರೆಯಬೇಕಾದವರು ಅಪ್ಪ. ಕಾಯಿಲೆಯನ್ನೇ ಮುಚ್ಚಿಟ್ಟರೆ ಅವರು ಏನಂತ ಸಹಿ ಹಾಕುತ್ತಾರೆ?

ಕಾಗದ ತೋರಿಸಿದ ತಕ್ಷಣ ಮೆಷಿನ್ ನಿಲ್ಲಿಸುವುದಿಲ್ಲ. ವಾಸಿಯಾಗುವ ದಾರಿ ಇಲ್ಲ, ರೋಗಿಗೆ ನಿರ್ಧರಿಸುವ ಶಕ್ತಿಯೂ ಇಲ್ಲ ಅನ್ನುವಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಆಗ ಚಿಕಿತ್ಸೆ ಕೊಡುತ್ತಿರುವ ಡಾಕ್ಟರೂ ಇನ್ನಿಬ್ಬರು ತಜ್ಞರೂ ನೋಡಬೇಕು. ಅವರು ಒಪ್ಪಿದ ಮೇಲೆ ಬೇರೆ ಮೂವರು ನೋಡಬೇಕು, ಅವರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಒಂದೊಂದು ಹಂತಕ್ಕೂ ಆದಷ್ಟು 48 ಗಂಟೆಯೊಳಗೆ ಅಂತಿದೆ.

ಇನ್ನು ಡಾಕ್ಟರನ್ನು ಕೇಳುವುದು. "ಎಷ್ಟು ದಿನ?" ಅಂತ ಕೇಳಿದರೆ ಜಾರಿಕೊಳ್ಳುತ್ತಾರೆ, ದಿನ ಎಣಿಸಿ ಹೇಳೋಕೆ ಯಾರಿಗೂ ಆಗಲ್ಲ. "ವರ್ಷಗಳ ಲೆಕ್ಕವಾ, ತಿಂಗಳುಗಳ ಲೆಕ್ಕವಾ, ವಾರಗಳ ಲೆಕ್ಕವಾ?" ಅಂತ ಕೇಳಿ. ಕೀಮೋ ರೋಗ ವಾಸಿ ಮಾಡೋಕಾ, ಸ್ವಲ್ಪ ತಡೆಯೋಕಾ ಅಂತಲೂ ಕೇಳಿ. ಓಪಿಡಿ ಸಾಲಿನಲ್ಲಿ ಬೇಡ, ಬೇರೆ ಸಮಯ ಕೇಳಿ ಕೂತು ಮಾತಾಡಿ. ಅಪ್ಪ ಹಗಲಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗೇ ಇರುತ್ತಾರಾ? ಹಾಗಿದ್ದರೆ ಅದನ್ನು ಹೇಳಲೇಬೇಕು. ಅಂಥವರಿಗೆ ಕೀಮೋದಿಂದ ಆಗುವ ತೊಂದರೆಯೇ ಸಾಮಾನ್ಯವಾಗಿ ಹೆಚ್ಚು.

ಸವಿತಾ, ಹಾಸನ: ಆರು ಡಾಕ್ಟರುಗಳನ್ನು ಎಲ್ಲಿಂದ ತರೋದು ರತ್ನಕ್ಕ? ನಮ್ಮ ಕಡೆ ರಾತ್ರಿ ಒಬ್ಬ ಡ್ಯೂಟಿ ಡಾಕ್ಟರ್ ಸಿಕ್ಕರೆ ಪುಣ್ಯ.

ರತ್ನಕ್ಕ: ಆ ಮಾತು ಒಪ್ಪುತ್ತೇನೆ. ಸಣ್ಣ ಊರುಗಳಲ್ಲಿ ಕಷ್ಟವೇ. ಅದಕ್ಕೇ ಹೇಳೋದು, ಈ ಕಾಗದದ ದೊಡ್ಡ ಉಪಯೋಗ ಮನೆಯೊಳಗೇ ಇದೆ. ಅಪ್ಪ ಬಾಯಿಬಿಟ್ಟು "ನನಗೆ ಇದು ಬೇಡ" ಅಂದಿದ್ದರೆ ಮಧ್ಯರಾತ್ರಿ ಬಾಗಿಲಲ್ಲಿ ನಿಂತಾಗ ಅದು ನಿಮ್ಮ ನಿರ್ಧಾರ ಆಗಿರುವುದಿಲ್ಲ.

ಕಿರಣ್, ನ್ಯೂಜೆರ್ಸಿ: ನಾನೂ ಒಬ್ಬ ಅಣ್ಣ, ಅದಕ್ಕೇ ಹೇಳ್ತಿದ್ದೀನಿ. ನಮ್ಮ ತಂದೆಗೆ ತಂಗಿ ಎಲ್ಲ ಹೇಳಿಬಿಟ್ಟಳು. ಮರುದಿನದಿಂದ ಅವರು ಊಟ ಬಿಟ್ಟರು. ನಾನು ಬಂದು ಇಳಿಯುವ ಹೊತ್ತಿಗೆ ಮಾತೇ ನಿಂತಿತ್ತು. ಒಂದೇ ಸಲ ಟಿಕೆಟ್‌ಗೆ ಎರಡೂವರೆ ಲಕ್ಷ ಕೊಟ್ಟು ಬಂದಿದ್ದೆ. ಭರವಸೆ ಕಿತ್ತುಕೊಂಡರೆ ಮನುಷ್ಯ ಬೇಗ ಹೋಗುತ್ತಾನೆ. ಎಲ್ಲಾ ಚಿಕಿತ್ಸೆ ಕೊಡಿಸಿ.

ಸವಿತಾ, ಹಾಸನ: ಟಿಕೆಟ್ ಲೆಕ್ಕ ಹೇಳಬೇಡಿ. ನಮ್ಮ ಮನೆಯಲ್ಲೂ ಫೋನಲ್ಲಿ "ಎಲ್ಲಾ ಮಾಡಿ" ಅಂದವರು ಇದ್ದರು. ಮಲ ಮೂತ್ರ ತೆಗೆದವಳು ನಾನು.

ಕಿರಣ್, ನ್ಯೂಜೆರ್ಸಿ: ದೂರ ಇರೋರಿಗೆ ಅಪ್ಪ ಅಮ್ಮ ಇಲ್ವಾ? ಆ ಆಸ್ಪತ್ರೆ ದುಡ್ಡು ಯಾರು ಕಳಿಸಿದ್ದು ಅಂತಲೂ ಬರೆಯಿರಿ.

ಸವಿತಾ, ಹಾಸನ: ಅಡ ಇಟ್ಟಿದ್ದು ನನ್ನ ಬಳೆ ಅಂತ ಮೇಲೇ ಬರೆದಿದ್ದೀನಿ. ಓದಿ.

ರತ್ನಕ್ಕ: ಕಿರಣ್, ಮೇದೋಜೀರಕದ ಕ್ಯಾನ್ಸರಿನಲ್ಲಿ ಹಸಿವು ತಾನಾಗಿಯೇ ಹೋಗುತ್ತದೆ. ನಿಮ್ಮ ತಂದೆಗೆ ಯಾವ ಕಾಯಿಲೆ ಇತ್ತೋ ಗೊತ್ತಿಲ್ಲ, ತಂಗಿ ಹೇಳಿದ್ದರಿಂದಲೇ ಊಟ ಬಿಟ್ಟರು ಅಂತ ಅವರ ತಲೆಗೆ ಕಟ್ಟಬೇಡಿ. ಎಲ್ಲವನ್ನೂ ಒಂದೇ ಸಲ ಸುರಿಯಬಾರದು ಅನ್ನೋದು ಮಾತ್ರ ನಿಜ. ನಾನು ಹೀಗೆ ಶುರುಮಾಡುತ್ತಿದ್ದೆ: "ಯಜಮಾನ್ರೇ, ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಅನಿಸ್ತಿದೆ?" ಹತ್ತಿರ ಕೂತು ಕೇಳಿ ಸುಮ್ಮನಾಗುತ್ತಿದ್ದೆ. "ಗಡ್ಡೆ ಅಲ್ವಾ ಸಿಸ್ಟರ್, ಮಗನಿಗೆ ಹೇಳಬೇಡಿ, ಹೆದರ್ತಾನೆ" ಅಂದವರಿದ್ದಾರೆ. "ಅದೆಲ್ಲ ಮಗಳ ಹತ್ತಿರ ಮಾತಾಡಿ, ನನಗೆ ಬೇಡ" ಅಂದವರೂ ಇದ್ದಾರೆ. ಅಂಥವರಿಗೆ ಬಲವಂತ ಮಾಡಿ ಹೇಳಿಲ್ಲ.

ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಹೆದರಬೇಡಿ, ಅದು ಸಾಯಿಸುವ ಮಾತ್ರೆ ಅಲ್ಲ. ನಾಲ್ಕು ಗಂಟೆಗೊಮ್ಮೆ ಅಂದರೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದಮೇಲೆ ಕೊಡೋಣ ಅಂತ ಕಾಯಬಾರದು. ಮಲಬದ್ಧತೆ ಆಗಿಯೇ ಆಗುತ್ತದೆ, ಅದರ ಔಷಧಿಯನ್ನೂ ಅವತ್ತೇ ಕೇಳಿ ತನ್ನಿ.

ಹಾವೇರಿ ಮಗಳು: ಇವತ್ತು ಡಾಕ್ಟರನ್ನು ರತ್ನಕ್ಕ ಹೇಳಿದ ಹಾಗೇ ಕೇಳಿದೆ. ಫೈಲು ಮುಚ್ಚಿಟ್ಟು "ತಿಂಗಳುಗಳ ಲೆಕ್ಕ, ಕಾಮಾಲೆ ತಿರುಗಿ ಬಂದರೆ ವಾರಗಳು" ಅಂದರು. ಅಣ್ಣ ಎದ್ದು ಹೊರಗೆ ಹೋದ. ರಾತ್ರಿ ಅಪ್ಪನನ್ನು ಏನನಿಸ್ತಿದೆ ಅಂತ ಕೇಳಿದೆ. "ಮೊದಲು ನಿಮ್ಮಣ್ಣನಿಗೆ ಊಟಕ್ಕೆ ಹಾಕು, ನಾಳೆ ಮಾತಾಡೋಣ" ಅಂದರು. ಅಪ್ಪ ಬರೆಯಲು ಒಪ್ಪಿದರೆ ಪ್ರತಿ ಯಾರ ಹತ್ತಿರ ಇರಬೇಕು?

ರತ್ನಕ್ಕ: ಹೆಸರಿಸಿದವರ ಹತ್ತಿರ ಒಂದು, ಮನೆ ಡಾಕ್ಟರ ಹತ್ತಿರ ಒಂದು, ಸ್ಥಳೀಯ ಸಂಸ್ಥೆಯ ನಿಗದಿತ ಅಧಿಕಾರಿಗೆ ಒಂದು. ಆಸ್ಪತ್ರೆ ಫೈಲಿಗೂ ಸೇರಿಸಿ.

ಬಸವರಾಜ, ದಾವಣಗೆರೆ: ನಿಗದಿತ ಅಧಿಕಾರಿ ಯಾರು ಅಂತ ನಮ್ಮ ಪಾಲಿಕೆಯಲ್ಲಿ ಇವತ್ತೇ ಕೇಳಿ ಬಂದೆ. ಆರೋಗ್ಯ ಶಾಖೆಗೆ ಹೋಗಿ ಅಂದರು, ಅಲ್ಲಿ ಜನನ ಮರಣ ಶಾಖೆಗೆ ಹೋಗಿ ಅಂದರು. ಯಾವ ಊರಿನಲ್ಲಾದರೂ ಪ್ರತಿ ತಗೊಂಡು ಸೀಲ್ ಹಾಕಿಕೊಟ್ಟಿದ್ದರೆ ದಯವಿಟ್ಟು ಆ ಆಫೀಸಿನ ಹೆಸರು ಬರೆಯಿರಿ.